ಹಿರಿಯರಿಗೆ ತೆಲುಗಿನಲ್ಲಿ ಔಷಧಿ ಚೀಟಿ ಬರೆಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಬಳ್ಳಾರಿ, ಬೆಂಗಳೂರು, ಎಲ್ಲೇ ಆಗಲಿ, ಮನೆಯಲ್ಲಿ ತೆಲುಗು ಮಾತಾಡುವ ಹಿರಿಯರಿದ್ದರೆ ಆಸ್ಪತ್ರೆಯಿಂದ ಬಂದ ದಿನ ಒಂದು ತೊಡಕು ಎದುರಾಗುತ್ತದೆ. ಡಿಸ್ಚಾರ್ಜ್ ಹಾಳೆ ಇಂಗ್ಲಿಷಿನಲ್ಲಿದೆ, ನೋಡಿಕೊಳ್ಳುವ ಮೊಮ್ಮಗನಿಗೋ ಸೊಸೆಗೋ ಕನ್ನಡ ಗೊತ್ತು, ಮಾತ್ರೆ ನುಂಗಬೇಕಾದ ಅಜ್ಜಿಗೆ ತೆಲುಗು ಮಾತ್ರ. ಯಾವ ಮಾತ್ರೆ, ಯಾವಾಗ, ಎಷ್ಟು ಎನ್ನುವ ಪ್ರಶ್ನೆಗೆ ವೈದ್ಯರಿಂದಲೋ ನರ್ಸ್‌ರಿಂದಲೋ ಔಷಧಿ ಅಂಗಡಿಯವರಿಂದಲೋ ತೆಲುಗಿನಲ್ಲಿ, ದೊಡ್ಡ ಅಕ್ಷರದಲ್ಲಿ, ಸುಲಭದ ಮಾತಿನಲ್ಲಿ ಉತ್ತರ ಬರೆಸಿಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. ತೆಲುಗು ವಾಕ್ಯಗಳನ್ನು ನೀವು ಓದಿ ನೋಡಲು ಆಗಲೆಂದು ಕನ್ನಡ ಲಿಪಿಯಲ್ಲೇ ಕೊಟ್ಟಿದೆ.

ತೆಲುಗಿನಲ್ಲಿ ಬರೆಸುವ ಮೊದಲು ಏನನ್ನು ನೋಡಿಕೊಳ್ಳಬೇಕು?

ಅಜ್ಜಿ ತೆಲುಗು ಓದುತ್ತಾರೆಯೇ ಎಂಬುದನ್ನು. ಮಾತಾಡುವುದು ಬೇರೆ, ಓದುವುದು ಬೇರೆ. ಕರ್ನಾಟಕದಲ್ಲೇ ಹುಟ್ಟಿ ಬೆಳೆದ ಎಷ್ಟೋ ತೆಲುಗು ಮನೆಗಳ ಹಿರಿಯರು ಕನ್ನಡ ಶಾಲೆಯಲ್ಲಿ ಓದಿದವರು. ಮನೆಮಾತು ತೆಲುಗು, ಓದುವ ಲಿಪಿ ಕನ್ನಡ. ಅಂಥವರಿಗೆ ಕಷ್ಟಪಟ್ಟು ತೆಲುಗು ಲಿಪಿಯಲ್ಲಿ ಬರೆಸಿ ತಂದರೆ ಅವರು ನೋಡಿ, ಮಡಿಸಿ, ದಿಂಬಿನ ಕೆಳಗೆ ಇಡುತ್ತಾರೆ. ಓದಲು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ.

ಹಾಗಾಗಿ "ನಿಮಗೆ ಓದಲು ಬರುತ್ತದಾ" ಎಂದು ಕೇಳುವ ಬದಲು ಒಂದು ತೆಲುಗು ದಿನಪತ್ರಿಕೆ ಕೊಟ್ಟು "ಇದರಲ್ಲಿ ಏನು ಬಂದಿದೆ ಹೇಳಿ" ಎನ್ನಿ. ದಪ್ಪ ತಲೆಬರಹ ಓದಿ ಕೆಳಗಿನ ಸುದ್ದಿ ಓದಲಾಗದಿದ್ದರೆ ಕಣ್ಣಿನ ತೊಂದರೆ, ಅಕ್ಷರ ದೊಡ್ಡದಾದರೆ ಸಾಕು. ತಲೆಬರಹವನ್ನೂ ಓದದಿದ್ದರೆ ಕನ್ನಡ ಪತ್ರಿಕೆ ಕೊಟ್ಟು ನೋಡಿ. ಕನ್ನಡ ಓದಿದರೆ ತೆಲುಗು ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಡಿ, ಅದನ್ನು ನೀವೇ ಬರೆಯಬಹುದು. ಎರಡನ್ನೂ ಓದದಿದ್ದರೆ ಚೀಟಿಯ ಮೇಲೆ ಚಿತ್ರ ಮತ್ತು ಅಂಕಿ ಇರಲಿ, ಮಾತನ್ನು ಧ್ವನಿಯಲ್ಲಿ ಕೊಡಿ. ಈ ಪರೀಕ್ಷೆಗೆ ಐದು ನಿಮಿಷ ಸಾಕು.

ತೆಲುಗಿನಲ್ಲೇ ಬರೆದುಕೊಡಿ ಎಂದು ಕೇಳುವ ಹಕ್ಕು ಇದೆಯೇ?

ವಿವರಿಸಿ ಎಂದು ಕೇಳುವ ಹಕ್ಕು ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ, ಅವರ ಮಟ್ಟಕ್ಕೆ ಇಳಿಸಿ ಹೇಳಬೇಕು ಎನ್ನುತ್ತದೆ. ಆದರೆ ಬಾಯಲ್ಲಿ ವಿವರಿಸುವುದು ಒಂದು, ಬರೆದುಕೊಡುವುದು ಇನ್ನೊಂದು. ಬೆಂಗಳೂರಿನ ಆಸ್ಪತ್ರೆಯಲ್ಲಿ ತೆಲುಗು ಬರಹವನ್ನು ಹಕ್ಕೆಂದು ಪಟ್ಟು ಹಿಡಿಯುವುದಕ್ಕಿಂತ ಸಹಾಯವೆಂದು ಕೇಳಿದರೆ ಕೆಲಸ ಬೇಗ ಆಗುತ್ತದೆ.

ವೈದ್ಯರ ಮೂಲ ಚೀಟಿಯನ್ನು ತೆಲುಗಿಗೆ ಬದಲಿಸಿ ಎಂದು ಮಾತ್ರ ಕೇಳಬೇಡಿ. ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂಬ ನಿಯಮ 2016ರಿಂದ ಇದೆ, ಅಂಗಡಿಯವರು ಮಾತ್ರೆ ಕೊಡುವುದೂ ಅದನ್ನು ನೋಡಿಯೇ. ನೀವು ಕೇಳುತ್ತಿರುವುದು ಅದರ ಜೊತೆಗೆ ಇನ್ನೊಂದು ಹಾಳೆ. ಇದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಟ್ಟರೆ ಎದುರಿನವರಿಗೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಯಾರನ್ನು, ಯಾವಾಗ ಕೇಳುವುದು?

ಡಿಸ್ಚಾರ್ಜ್ ದಿನ ಬೆಳಿಗ್ಗೆ, ವಾರ್ಡಿನ ನರ್ಸ್‌ರನ್ನು. ಬಿಲ್ ಕಟ್ಟಿ ಗಾಡಿ ಕರೆಸಿದ ಮೇಲೆ ಕೇಳಿದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ತೆಲುಗು ಮಾತಾಡುವ ನರ್ಸ್ ಇದ್ದರೂ ಅವರಿಗೆ ಬರೆಯಲು ಬರುತ್ತದೆಯೇ ಎಂದು ಕೇಳಿಕೊಳ್ಳಿ. ಬೇರೆ ರಾಜ್ಯದಿಂದ ಬಂದು ಕೆಲಸದಲ್ಲಿ ತೆಲುಗು ಕಲಿತವರು ಚೆನ್ನಾಗಿ ಮಾತಾಡುತ್ತಾರೆ, ಬರೆಯುವುದಿಲ್ಲ. ಬರೆಯಲು ಯಾರೂ ಸಿಗದಿದ್ದರೆ ಅವರಿಂದ ಬಾಯಲ್ಲಿ ಹೇಳಿಸಿ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಬರೆಯುವ ಕೆಲಸವನ್ನು ಊರಿನಲ್ಲಿರುವ ನೆಂಟರು ಮಾಡಬಹುದು, ಪ್ರಮಾಣ ಮತ್ತು ಹೊತ್ತು ಮಾತ್ರ ಆಸ್ಪತ್ರೆಯವರ ಬಾಯಿಂದಲೇ ಬಂದಿರಬೇಕು.

ಅಜ್ಜಿ ಅನಂತಪುರದಲ್ಲೋ ಹಿಂದೂಪುರದಲ್ಲೋ ಇದ್ದು ನೀವು ಬೆಂಗಳೂರಿನಲ್ಲಿದ್ದರೆ ಅಲ್ಲಿನ ಔಷಧಿ ಅಂಗಡಿಯವರೇ ಒಳ್ಳೆಯ ದಾರಿ. ತಿಂಗಳು ತಿಂಗಳು ಮಾತ್ರೆ ಕೊಡುವವರು ಅವರೇ. ಕಂಪನಿ ಬದಲಾದರೆ ಮೊದಲು ತಿಳಿಯುವುದೂ ಅವರಿಗೆ.

ಕೇಳುವಾಗ ಯಾವ ಮಾತಿನಲ್ಲಿ ಕೇಳಬೇಕು?

"ತೆಲುಗಿನಲ್ಲಿ ಬರೆದುಕೊಡಿ" ಎಂದಷ್ಟೇ ಹೇಳಿದರೆ ಇಂಗ್ಲಿಷ್ ಚೀಟಿಯ ನಕಲೇ ತೆಲುಗು ಲಿಪಿಯಲ್ಲಿ ಸಿಗುತ್ತದೆ: ಔಷಧಿಯ ಉದ್ದನೆ ಹೆಸರು, ಮುಂದೆ 1-0-1. ಅಜ್ಜಿಗೆ ಅದು ಮೊದಲಿನಷ್ಟೇ ಕಗ್ಗಂಟು. ಯಾರಿಗಾಗಿ, ಎಷ್ಟು ದೊಡ್ಡ ಅಕ್ಷರ, ಯಾವ ಬಗೆಯ ಮಾತು, ಏನು ಬೇಡ, ಇಷ್ಟನ್ನೂ ಬಿಡಿಸಿ ಹೇಳಬೇಕು. ತೆಲುಗು ಬಲ್ಲ ವೈದ್ಯರಿಗೆ ಅಥವಾ ಅಂಗಡಿಯವರಿಗೆ ಹೀಗೆ ಹೇಳಬಹುದು, ಇಲ್ಲವೇ ವಾಟ್ಸಾಪಿನಲ್ಲಿ ಧ್ವನಿಯಾಗಿ ಕಳಿಸಬಹುದು:

"ಡಾಕ್ಟರ್ ಗಾರೂ, ಮಾ ಅಮ್ಮಮ್ಮಕಿ 78 ಏಳ್ಳು. ತೆಲುಗು ಮಾತ್ರಮೇ ಚದುವುತಾರು. ಏ ಮಂದು ಎಪ್ಪುಡು, ಎನ್ನಿ ವೇಸುಕೋವಾಲೋ ವೇರೇ ಕಾಗಿತಂ ಮೀದ ರಾಸಿ ಇವ್ವಂಡಿ. ಅಕ್ಷರಾಲು ಪೆದ್ದವಿಗಾ ಉಂಡಾಲಿ. ಇಂಟ್ಲೋ ಮಾಟ್ಲಾಡೇ ಮಾಟಲೇ ರಾಯಂಡಿ. ಇಂಗ್ಲೀಷು ಅಕ್ಷರಾಲು ವದ್ದು."

ನಮ್ಮ ಅಜ್ಜಿಗೆ 78 ವರ್ಷ, ತೆಲುಗು ಮಾತ್ರ ಓದುತ್ತಾರೆ, ಯಾವ ಔಷಧಿ ಯಾವಾಗ ಎಷ್ಟು ಎಂಬುದನ್ನು ಬೇರೆ ಕಾಗದದ ಮೇಲೆ ಬರೆದುಕೊಡಿ, ಅಕ್ಷರ ದೊಡ್ಡದಿರಲಿ, ಮನೆಯಲ್ಲಿ ಆಡುವ ಮಾತೇ ಇರಲಿ, ಇಂಗ್ಲಿಷ್ ಅಕ್ಷರ ಬೇಡ ಎಂದು ಇದರ ಅರ್ಥ. ಅಮ್ಮಮ್ಮ ಎಂದರೆ ತಾಯಿಯ ತಾಯಿ. ತಂದೆಯ ತಾಯಿಯಾದರೆ ನಾನಮ್ಮ. ರಾಯಲಸೀಮೆ ಕಡೆಯವರು ಅವ್ವ ಎನ್ನುವುದೂ ಉಂಟು. ಚೀಟಿಯಲ್ಲಿ ಅಜ್ಜಿಗೆ ಹೇಳುವ ಕ್ರಿಯಾಪದಗಳೆಲ್ಲ ಬಹುವಚನದಲ್ಲಿರಲಿ: ವೇಸುಕೋಂಡಿ, ತಿನಂಡಿ, ಆಗಂಡಿ. ಏಕವಚನದಲ್ಲಿ ಗದರಿದಂತಿರುವ ಚೀಟಿಯನ್ನು ಗೋಡೆಗೆ ಅಂಟಿಸಲು ಹಿರಿಯರು ಒಪ್ಪುವುದಿಲ್ಲ.

ಇಂಗ್ಲಿಷ್ ಬೇಡ ಎಂದರೆ ಷುಗರ್, ಬಿ.ಪಿ. ಎಂಬ ಪದಗಳೂ ಬೇಡವೇ?

ಅವು ಇರಲೇಬೇಕು. ಇಂಗ್ಲಿಷ್ ಬೇಡ ಎಂದು ಹೇಳಿದ ಕೂಡಲೇ ಬರೆಯುವವರು ಪುಸ್ತಕದ ತೆಲುಗಿಗೆ ಹೋಗಿಬಿಡುತ್ತಾರೆ. ಮಧುಮೇಹಂ, ರಕ್ತಪೋಟು, ಮೋತಾದು, ದುಷ್ಪ್ರಭಾವಾಲು ಎಂಬ ಪದಗಳು ಬರುತ್ತವೆ. ಹಳ್ಳಿಯ ಅಜ್ಜಿ ಇವನ್ನು ಅಕ್ಷರ ಕೂಡಿಸಿ ಓದಬಲ್ಲರು, ತಮಗೆ ಸಂಬಂಧಿಸಿದ್ದೆಂದು ಅವರಿಗೆ ಹೊಳೆಯುವುದಿಲ್ಲ. ಅವರ ಬಾಯಲ್ಲಿ ಅದು ಷುಗರು ಮತ್ತು ಬಿ.ಪಿ. ಬೆಳಗಿನ ತಿಂಡಿಯೂ ಟಿಫಿನ್ನೇ. ಇಂಗ್ಲಿಷ್ ಲಿಪಿ ಬೇಡ, ಸಂಕ್ಷೇಪಗಳು ಬೇಡ, ಅಜ್ಜಿಯ ಬಾಯಲ್ಲಿ ಬಾರದ ಪದ ಬೇಡ: ಬೇಡಿಕೆ ಇಷ್ಟೇ. ಅವರು ದಿನಾ ಆಡುವ ಪದ ಯಾವ ಮೂಲದ್ದಾದರೂ ಅದೇ ಸರಿ.

ಪ್ರದೇಶದ ವ್ಯತ್ಯಾಸವನ್ನೂ ಗಮನಿಸಿ. ಮಾತ್ರೆಗೆ ಆಂಧ್ರದ ಕಡೆ ಬಿಳ್ಳ ಅಥವಾ ಮಾತ್ರ ಎಂದರೆ ತೆಲಂಗಾಣದಲ್ಲಿ ಗೋಲಿ ಎನ್ನುವವರೇ ಹೆಚ್ಚು. ಬೆಳಿಗ್ಗೆಗೆ ಒಂದು ಕಡೆ ಪೊದ್ದುನ, ಇನ್ನೊಂದು ಕಡೆ ಪೊದ್ದುಗಾಲ. ಅಜ್ಜಿ ಯಾವುದನ್ನು ಆಡುತ್ತಾರೋ ಅದನ್ನೇ ಬರೆಯುವವರಿಗೆ ತಿಳಿಸಿ. ಎರಡೂ ಬಳಕೆಯಲ್ಲಿದ್ದರೆ ಬಿಳ್ಳ ಎಂಬುದೇ ವಾಸಿ, ಏಕೆಂದರೆ ತೆಲುಗಿನಲ್ಲಿ "ಮಾತ್ರಂ", "ಮಾತ್ರಮೇ" ಎಂದರೆ ನಮ್ಮ "ಮಾತ್ರ". "ಒಕ ಮಾತ್ರ ಮಾತ್ರಮೇ" ಎಂದು ಬರೆದರೆ ಕಣ್ಣು ಮಂಜಾದವರು ತಡವರಿಸುತ್ತಾರೆ.

1-0-1 ಎಂದು ಬರೆದರೆ ಅರ್ಥವಾಗುವುದಿಲ್ಲವೇ?

ವರ್ಷಗಟ್ಟಲೆ ಮಾತ್ರೆ ನುಂಗಿದವರಿಗೆ ಆಗಬಹುದು, ಹೊಸಬರಿಗೆ ಆಗದು. ಅದು ಬೆಳಿಗ್ಗೆ-ಮಧ್ಯಾಹ್ನ-ರಾತ್ರಿ ಎಂಬ ಮೂರು ಹೊತ್ತಿನ ಲೆಕ್ಕ, ಆದರೆ ನಡುವಿನ ಗೆರೆಗಳು ಬಿಟ್ಟುಹೋದರೆ ನೂರಾ ಒಂದು ಎಂಬಂತೆ ಕಾಣುತ್ತದೆ. ಊಟಕ್ಕೆ ಮೊದಲೋ ನಂತರವೋ ಎಂಬುದೂ ಅದರಲ್ಲಿ ಇಲ್ಲ. ಬಿಡಿ ಎಂದರೆ ದಿನಕ್ಕೆರಡು ಸಲ, ಟಿಡಿಎಸ್ ಎಂದರೆ ಮೂರು ಸಲ, ಎಚ್‌ಎಸ್ ಎಂದರೆ ಮಲಗುವಾಗ, ಎಸ್‌ಒಎಸ್ ಎಂದರೆ ಬೇಕಾದಾಗ ಮಾತ್ರ. ಇವೆಲ್ಲ ವೃತ್ತಿಯವರ ಸಂಕೇತಗಳು, ಅಜ್ಜಿಯ ಹಾಳೆಗೆ ಬರಬಾರದು.

ಅರ್ಧ ಮಾತ್ರೆಯನ್ನು ಅಂಕಿಯಲ್ಲಿ ಬರೆಸಲೇಬೇಡಿ. ½ ಎಂಬುದು ಚಿಕ್ಕದಾಗಿ ಬಿದ್ದು 1 ಅಥವಾ 2 ಎಂದು ಕಾಣುತ್ತದೆ, 0.5ರ ಚುಕ್ಕಿ ಮಾಸಿದರೆ 5 ಉಳಿಯುತ್ತದೆ. "ಅರ ಬಿಳ್ಳ" ಎಂದು ಅಕ್ಷರದಲ್ಲಿ ಬರೆಸಿ, ಪಕ್ಕದಲ್ಲಿ ಅರ್ಧ ತುಂಬಿದ ವೃತ್ತ ಹಾಕಿಸಿ.

ಮಾತ್ರೆ ಪಟ್ಟಿಯ ಮೇಲೆ ಹೆಸರು ಇಂಗ್ಲಿಷಿನಲ್ಲೇ ಇರುತ್ತದಲ್ಲ, ಅಜ್ಜಿ ಹೊಂದಿಸಿ ನೋಡುವುದು ಹೇಗೆ?

ಹೆಸರಿನಿಂದ ಹೊಂದಿಸಲು ಆಗುವುದಿಲ್ಲ. ಔಷಧಿಯ ಹೆಸರನ್ನು ತೆಲುಗು ಲಿಪಿಯಲ್ಲಿ ಬರೆದರೆ ಹಾಳೆ ತುಂಬುತ್ತದೆ, ಪಟ್ಟಿಯ ಮೇಲಿರುವ ಇಂಗ್ಲಿಷಿಗೆ ಅದು ತಾಳೆಯಾಗದು. ಬಣ್ಣವನ್ನೂ ನಂಬಬೇಡಿ. ಮುಂದಿನ ತಿಂಗಳು ಅದೇ ಔಷಧಿ ಬೇರೆ ಕಂಪನಿಯದ್ದು ಬಂದರೆ ಹಳದಿ ಮಾತ್ರೆ ಬಿಳಿಯಾಗಿರುತ್ತದೆ, ಚೀಟಿಯಲ್ಲಿ ಹಳದಿ ಎಂದೇ ಇರುತ್ತದೆ.

ಅಂಕಿ ಕೊಡುವುದು ಭದ್ರ. ಪ್ರತಿ ಔಷಧಿಗೂ ಒಂದೊಂದು ಚಿಕ್ಕ ಡಬ್ಬಿ, ಡಬ್ಬಿಯ ಮುಚ್ಚಳಕ್ಕಲ್ಲ, ಮೈಗೆ ದಪ್ಪ ಮಾರ್ಕರ್‌ನಲ್ಲಿ 1, 2, 3, 4. ಮುಚ್ಚಳಗಳು ಅದಲು ಬದಲಾಗುತ್ತವೆ. ಅಂಕಿಗಳು ಈ ರೂಪದಲ್ಲೇ ಇರಲಿ, ಹಳೆಯ ತೆಲುಗು ಅಂಕಿಗಳು ಈಗ ದಿನಬಳಕೆಯಲ್ಲಿ ಇಲ್ಲ. ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿ ಹಾಕಬೇಡಿ, ಪಟ್ಟಿಯನ್ನೇ ಡಬ್ಬಿಯೊಳಗೆ ಇಡಿ. ಹಾಳೆಯ ಹಿಂಬದಿಯಲ್ಲಿ, ನಿಮಗಾಗಿ ಮತ್ತು ವೈದ್ಯರಿಗಾಗಿ, ಯಾವ ಅಂಕಿಗೆ ಯಾವ ಔಷಧಿ ಎಂದು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆದಿಡಿ. ತುರ್ತಿಗೆ ಆಸ್ಪತ್ರೆಗೆ ಓಡಿದಾಗ ಅವರು ಕೇಳುವುದು ಆ ಬದಿಯನ್ನೇ.

ಪೂರ್ತಿ ಚೀಟಿ ಹೇಗಿರಬೇಕು, ಒಂದು ಮಾದರಿ ಇದೆಯೇ?

ಡಿಸ್ಚಾರ್ಜ್ ಹಾಳೆಯಲ್ಲಿ ಹೀಗಿದೆ ಎಂದುಕೊಳ್ಳಿ: ಪ್ಯಾಂಟೊಪ್ರಜೋಲ್ 40 ಬೆಳಿಗ್ಗೆ ಊಟಕ್ಕೆ ಮೊದಲು, ಮೆಟ್‌ಫಾರ್ಮಿನ್ 500 1-0-1 ಊಟದ ನಂತರ, ಆಮ್ಲೋಡಿಪಿನ್ 5 1-0-0, ಪ್ಯಾರಾಸಿಟಮಾಲ್ 650 ಬೇಕಾದಾಗ. ಇಂಗ್ಲಿಷ್ ಹಾಳೆ ಔಷಧಿಯಿಂದ ಔಷಧಿಗೆ ಹೋಗುತ್ತದೆ. ಅಜ್ಜಿಯ ಹಾಳೆ ಹೊತ್ತಿನಿಂದ ಹೊತ್ತಿಗೆ ಹೋಗಬೇಕು, ಏಕೆಂದರೆ ಅವರು ಅದನ್ನು ನೋಡುವುದು "ಈಗ ಏನು" ಎಂದು ತಿಳಿಯಲು. ಪ್ಯಾಂಟೊಪ್ರಜೋಲ್ 1, ಮೆಟ್‌ಫಾರ್ಮಿನ್ 2, ಆಮ್ಲೋಡಿಪಿನ್ 3, ಪ್ಯಾರಾಸಿಟಮಾಲ್ 4 ಎಂದು ಇಟ್ಟುಕೊಂಡರೆ:

ಪೊದ್ದುನ, ಪರಗಡುಪುನ
1ವ ಡಬ್ಬಾ. ಒಕ ಬಿಳ್ಳ.
ಅರಗಂಟ ಆಗಿ ಟಿಫಿನ್ ತಿನಂಡಿ.

ಟಿಫಿನ್ ತಿನ್ನಾಕ
2ವ ಡಬ್ಬಾ. ಒಕ ಬಿಳ್ಳ. ಷುಗರುಕಿ.
3ವ ಡಬ್ಬಾ. ಒಕ ಬಿಳ್ಳ. ಬಿ.ಪಿ.ಕಿ.

ಮಧ್ಯಾಹ್ನಂ
ಮಂದು ಲೇದು.

ರಾತ್ರಿ ಅನ್ನಂ ತಿನ್ನಾಕ
2ವ ಡಬ್ಬಾ. ಒಕ ಬಿಳ್ಳ. ಷುಗರುಕಿ.

ಜ್ವರಂ ವಸ್ತೇನೇ
4ವ ಡಬ್ಬಾ. ಒಕ ಬಿಳ್ಳ.
ಮಳ್ಳೀ ಕಾವಾಲಂಟೇ ಆರು ಗಂಟಲು ಆಗಂಡಿ.
ರೋಜುಕಿ ಮೂಡು ಬಿಳ್ಳಲು. ಅಂತಕಂಟೇ ವದ್ದು.

ಪರಗಡುಪುನ ಎಂದರೆ ಬರಿಹೊಟ್ಟೆಯಲ್ಲಿ. ತಿನ್ನಾಕ ಎಂದರೆ ತಿಂದ ಮೇಲೆ. ಮಧ್ಯಾಹ್ನ ಏನೂ ಇಲ್ಲ ಎಂಬುದನ್ನೂ ಬರೆದಿದೆ. ಆ ಸಾಲು ಖಾಲಿ ಬಿಟ್ಟರೆ ಬರೆಯುವುದು ಮರೆತಿದ್ದಾರೆಂದು ಭಾವಿಸಿ ಅಜ್ಜಿ ಬೆಳಗಿನದನ್ನೇ ಇನ್ನೊಮ್ಮೆ ನುಂಗುವ ಸಂಭವವಿದೆ. "ಬೇಕಾದಾಗ" ಎಂಬುದನ್ನು ಹಾಗೇ ಅನುವಾದಿಸಿಲ್ಲ. ಯಾವ ತೊಂದರೆಗೆ, ಎರಡರ ನಡುವೆ ಎಷ್ಟು ಹೊತ್ತು, ದಿನಕ್ಕೆ ಹೆಚ್ಚೆಂದರೆ ಎಷ್ಟು ಎಂಬ ಮೂರೂ ಬಂದಿವೆ. ಇವು ಇಂಗ್ಲಿಷ್ ಚೀಟಿಯಲ್ಲಿ ಅನೇಕ ಸಲ ಇರುವುದಿಲ್ಲ, ವೈದ್ಯರನ್ನೇ ಕೇಳಿ ತುಂಬಿಸಿಕೊಳ್ಳಬೇಕು. ಮೇಲಿನ ಔಷಧಿ, ಗಂಟೆ ಮತ್ತು ಲೆಕ್ಕಗಳು ಮಾದರಿಗೆ ಮಾತ್ರ. ನಿಮ್ಮ ಅಜ್ಜಿಯದ್ದು ಅವರ ವೈದ್ಯರು ಹೇಳಿದಂತೆಯೇ ಇರಬೇಕು.

ವಾರಕ್ಕೊಮ್ಮೆ ನುಂಗುವ ಮಾತ್ರೆ ಇದ್ದರೆ ಅದನ್ನು ಈ ಹಾಳೆಯಲ್ಲಿ ಸೇರಿಸಲೇಬೇಡಿ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನದ್ದು, ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಅದಕ್ಕೆ ಬೇರೆ ಹಾಳೆ, ಅದರ ಮೇಲೆ ವಾರದ ಹೆಸರು: "ಸೋಮವಾರಂ. ವೇರೇ ರೋಜು ವದ್ದು." ಡಬ್ಬಿಯೂ ನಿಮ್ಮ ಕೈಯಲ್ಲೇ ಇರಲಿ.

ಅಕ್ಷರ ಎಷ್ಟು ದೊಡ್ಡದಿರಬೇಕು?

ಮುದ್ರಿಸುವುದಾದರೆ 24 ಪಾಯಿಂಟ್, ಹೊತ್ತಿನ ಹೆಸರುಗಳು 32. ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರವೆಂದರೆ 18 ಪಾಯಿಂಟ್ ಎಂಬ ರೂಢಿ ಇದೆ, ತೆಲುಗಿಗೆ ಅದು ಸಾಲದು. ಕನ್ನಡದಂತೆ ಅಲ್ಲೂ ಒತ್ತಕ್ಷರ ಕೆಳಗೆ, ಗುಣಿತದ ಗುರುತು ಮೇಲೆ ಬರುವುದರಿಂದ ನಡುವಿನ ಅಕ್ಷರ ಚಿಕ್ಕದಾಗುತ್ತದೆ. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ದಪ್ಪ ಅಕ್ಷರ ಚೆನ್ನಾಗಿ ಕಾಣುತ್ತದೆಂದು ಎಲ್ಲವನ್ನೂ ದಪ್ಪ ಮಾಡಬೇಡಿ. ತೆಲುಗು ಅಕ್ಷರಗಳೆಲ್ಲ ಸುಳಿಗಳು, ದಪ್ಪವಾದರೆ ಸುಳಿಯೊಳಗಿನ ಬಿಳಿ ಜಾಗ ಮುಚ್ಚಿಹೋಗಿ ಪ, ವ, ಷ ಒಂದೇ ಥರ ಕಾಣುತ್ತವೆ. Noto Sans Telugu ಅಥವಾ Mandali ಫಾಂಟ್‌ನ ಸಾಮಾನ್ಯ ರೂಪ ಸಾಕು.

ಕೈಬರಹವಾದರೆ ಕಪ್ಪು ಸ್ಕೆಚ್ ಪೆನ್, ಬಿಳಿ ಹಾಳೆ, ಅಕ್ಷರದ ಎತ್ತರ ಒಂದು ಸೆಂಟಿಮೀಟರ್ ಹತ್ತಿರ. ಎ4 ಹಾಳೆಯ ಒಂದು ಬದಿಯಲ್ಲಿ ಹಿಡಿಸದಿದ್ದರೆ ಅಕ್ಷರ ಕುಗ್ಗಿಸಬೇಡಿ. ಬೆಳಿಗ್ಗೆಗೆ ಒಂದು, ರಾತ್ರಿಗೆ ಒಂದು ಹಾಳೆ ಮಾಡಿ.

ಡಿಟಿಪಿ ಅಂಗಡಿಯಿಂದ ಬಂದ ಬರಹ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದೆ, ಏಕೆ?

ನಮ್ಮಲ್ಲಿ ನುಡಿ, ಬರಹದ ಹಳೆಯ ಫಾಂಟುಗಳ ಕಥೆ ಇದ್ದಂತೆ ಅಲ್ಲಿ ಅನು ಫಾಂಟುಗಳು. ಅವು ಯೂನಿಕೋಡ್ ಅಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡದ್ದು ನಕಲಿಸಿ ವಾಟ್ಸಾಪಿಗೆ ಹಾಕಿದ ಕೂಡಲೇ ಕೆಡುತ್ತದೆ. ಪಿಡಿಎಫ್ ಕೇಳಿ, ಅಥವಾ ಅಲ್ಲೇ ಮುದ್ರಿಸಿಕೊಳ್ಳಿ.

ಕನ್ನಡ ಬಲ್ಲ ನಾನೇ ತೆಲುಗು ಲಿಪಿಯಲ್ಲಿ ಬರೆಯಬಹುದೇ?

ಕೈಯಲ್ಲಿ ಬೇಡ. ಎರಡು ಲಿಪಿಗಳೂ ಹತ್ತಿರದವು, ಅದಕ್ಕೇ ತಪ್ಪು ಹೆಚ್ಚು. ಕ, ತ, ಶ ಕಣ್ಣಿಗೆ ಹೊಡೆಯುವಷ್ಟು ಬೇರೆ, ತಲೆಕಟ್ಟಿನ ಆಕಾರ ಬೇರೆ, ಕನ್ನಡದಲ್ಲಿ ಬಲಕ್ಕೆ ಬರುವ ದೀರ್ಘದ ಗುರುತು ತೆಲುಗಿನಲ್ಲಿ ಅಕ್ಷರದ ತಲೆಯ ಮೇಲೇ ಇರುತ್ತದೆ. ಫೋನಿನ ತೆಲುಗು ಕೀಲಿಮಣೆಯಲ್ಲಿ ಟೈಪ್ ಮಾಡಿ ಮುದ್ರಿಸಿ, ಮುದ್ರಿಸುವ ಮೊದಲು ತೆಲುಗು ಓದುವ ಒಬ್ಬರಿಗೆ ತೋರಿಸಿ.

ಕನ್ನಡದಲ್ಲೂ ತೆಲುಗಿನಲ್ಲೂ ಇರುವ ಪದ ಅಂದಮೇಲೆ ಅರ್ಥ ಒಂದೇ ಅಲ್ಲವೇ?

ಕೆಲವು ಕಡೆ ಅಲ್ಲ, ಅದರಲ್ಲಿ ಒಂದು ನಿಜಕ್ಕೂ ಅಪಾಯದ್ದು. ತೆಲುಗಿನವರು ಆಯಾಸಂ ಎಂದರೆ ಮೇಲುಸಿರು, ಉಸಿರು ಕಟ್ಟುವುದು. ಕನ್ನಡದ ಆಯಾಸ ಬರೀ ದಣಿವು. ಅಜ್ಜಿ "ಆಯಾಸಂಗಾ ಉಂದಿ" ಎಂದಾಗ ನೀವು ವೈದ್ಯರಿಗೆ ಸುಸ್ತು ಎಂದು ಹೇಳಿದರೆ ಹೃದಯದ ತೊಂದರೆಯ ಸೂಚನೆ ದಾಟಿಹೋಗಬಹುದು. ಚೀಟಿಯ ಕೆಳಗೆ "ಇವು ಕಂಡರೆ ಕೂಡಲೇ ಹೇಳಿ" ಎಂಬ ಪಟ್ಟಿ ಬರೆಸುವಾಗ ಈ ಪದ ಇರಲಿ, ಆದರೆ ನೀವು ಅದನ್ನು ಉಸಿರಾಟದ ತೊಂದರೆ ಎಂದೇ ಓದಿಕೊಳ್ಳಿ. ಸುಸ್ತಿಗೆ ಅವರು ನೀರಸಂ ಎನ್ನುತ್ತಾರೆ. ತಲೆ ಸುತ್ತಿಗೆ "ಕಳ್ಳು ತಿರಗಡಂ". ಹಾಗೆಯೇ "ಪಾಲತೋ ವೇಸುಕೋಂಡಿ" ಎಂದರೆ ಹಾಲಿನ ಜೊತೆ, "ಮೂಡು ನೆಲಲು" ಎಂದರೆ ಮೂರು ತಿಂಗಳು.

ಉಪವಾಸದ ದಿನ ಏನು ಮಾಡಬೇಕೆಂದು ಚೀಟಿಯಲ್ಲಿ ಬರೆಸಬೇಕೇ?

ಖಂಡಿತ, ಇದನ್ನು ಕೇಳದೆ ಬರಬೇಡಿ. ಏಕಾದಶಿ, ಕಾರ್ತಿಕ ಸೋಮವಾರ ಹಿಡಿಯುವ ಅಜ್ಜಿಯಂದಿರು "ಟಿಫಿನ್ ತಿನ್ನಾಕ" ಎಂಬುದನ್ನು ಎರಡು ರೀತಿ ತೆಗೆದುಕೊಳ್ಳುತ್ತಾರೆ: ತಿಂಡಿಯಿಲ್ಲ, ಹಾಗಾಗಿ ಯಾವ ಮಾತ್ರೆಯೂ ಇಲ್ಲ ಎಂದು, ಅಥವಾ ಮಾತ್ರೆ ತಪ್ಪಿಸಬಾರದೆಂದು ಬರಿಹೊಟ್ಟೆಯಲ್ಲೇ ನುಂಗುವುದು. ಮೊದಲನೆಯದರಲ್ಲಿ ಬಿ.ಪಿ. ಮಾತ್ರೆಯೂ ತಪ್ಪುತ್ತದೆ. ಎರಡನೆಯದು ಗ್ಲಿಮೆಪಿರೈಡ್‌ನಂಥ ಷುಗರ್ ಮಾತ್ರೆಯಾದರೆ ಸಕ್ಕರೆ ಅಂಶ ಥಟ್ಟನೆ ಇಳಿದು ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು. ಉಪವಾಸದ ದಿನ ಯಾವ ಡಬ್ಬಿ ಬೇಕು, ಯಾವುದು ಬೇಡ ಎಂದು ವೈದ್ಯರನ್ನು ಅಂಕಿ ಹಿಡಿದು ಕೇಳಿ, "ಉಪವಾಸಂ ರೋಜು" ಎಂಬ ತಲೆಬರಹದಡಿ ಬರೆಸಿ.

ಅಜ್ಜಿಗೆ ಅರ್ಥವಾಯಿತೆಂದು ತಿಳಿಯುವುದು ಹೇಗೆ?

"ಅರ್ಥಮೈಂದಾ?" ಎಂದು ಕೇಳಿದರೆ ಯಾವ ಹಿರಿಯರೂ ಹೂಂ ಎನ್ನುತ್ತಾರೆ. ಹಾಳೆ ಅವರ ಕೈಗೆ ಕೊಟ್ಟು, ಡಬ್ಬಿಗಳನ್ನು ಮುಂದಿಟ್ಟು, "ಇವಾಳ ರಾತ್ರಿಕಿ ಏಂ ವೇಸುಕೋವಾಲಿ, ತೀಸಿ ಚೂಪಿಂಚಂಡಿ" ಎನ್ನಿ. ಇಂದು ರಾತ್ರಿ ಯಾವುದನ್ನು ನುಂಗಬೇಕೋ ತೆಗೆದು ತೋರಿಸಿ ಎಂದು. 2ನೇ ಡಬ್ಬಿ ತೆಗೆದು ಒಂದು ಮಾತ್ರೆ ಎಂದರೆ ಸರಿ. ಜೊತೆಗೆ 3ನ್ನೂ ತೆಗೆದರೆ ತಪ್ಪು ಅವರದ್ದೆಂದು ತಿದ್ದಲು ಹೋಗಬೇಡಿ. ಎರಡು ಹೊತ್ತಿನ ಸಾಲುಗಳು ಹಾಳೆಯಲ್ಲಿ ತೀರಾ ಹತ್ತಿರ ಬಿದ್ದಿವೆಯೇ ನೋಡಿ, ನಡುವೆ ದಪ್ಪ ಗೆರೆ ಎಳೆದು ಮತ್ತೆ ಕೇಳಿ. ಮೂರು ದಿನ ಬಿಟ್ಟು ಪಟ್ಟಿಯಲ್ಲಿ ಉಳಿದ ಮಾತ್ರೆ ಎಣಿಸಿ: ಬೆಳಗಿನಿಂದ ಶುರು ಮಾಡಿ ಮೂರು ಪೂರ್ತಿ ದಿನವಾಗಿದ್ದರೆ 2ನೇ ಡಬ್ಬಿಯಲ್ಲಿ ಆರು, 3ನೆಯದರಲ್ಲಿ ಮೂರು ಖಾಲಿಯಾಗಿರಬೇಕು.

ಔಷಧಿ ಬದಲಾದರೆ ಹಳೆಯ ಹಾಳೆಯಲ್ಲೇ ತಿದ್ದಬಹುದೇ?

ಬೇಡ. ಕಾಟು ಹೊಡೆದ ಸಾಲನ್ನೂ ಹಿರಿಯರು ಓದುತ್ತಾರೆ. ಹೊಸ ಹಾಳೆ ಮಾಡಿ ಮೇಲ್ತುದಿಯಲ್ಲಿ ತಾರೀಖು ಬರೆಯಿರಿ, ಹಳೆಯದನ್ನು ಗೋಡೆಯಿಂದ ತೆಗೆದು ಹರಿದುಹಾಕಿ. ಬಿಟ್ಟ ಔಷಧಿಯ ಅಂಕಿಯನ್ನು ಹೊಸ ಔಷಧಿಗೆ ಕೊಡಬೇಡಿ. 3 ನಿಂತುಹೋದರೆ ಹೊಸದಕ್ಕೆ 5 ಇರಲಿ, 3ನೇ ಡಬ್ಬಿ ಮನೆಯಲ್ಲೇ ಇರಬಾರದು.